ಫಾರಿನ್ ಮೆಷಿನ್ನು ಮನೆಗೆ ಬಂತು, ಆಮದು ಮಾಡಿದವರು ಯಾರು?

ಮೇ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನ ಹೆಂಗಸರ ಕಣ್ಣೆಲ್ಲ ಆಕಾಶದ ಮೇಲೇ. ಹಲಸಿನಕಾಯಿ ಹಪ್ಪಳ ಒಣಗಬೇಕು, ಸಂಡಿಗೆ ಒಣಗಬೇಕು, ಮುರುಗಲ ಸಿಪ್ಪೆ ಒಣಗಬೇಕು. ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹರವಿ ಒಳಗೆ ಬಂದು ಒಂದು ಲೋಟ ಕಾಫಿ ಕುಡಿಯುವುದರೊಳಗೆ ಗುಡುಗು. ಓಡಿ ಹೋಗಿ ಎಲ್ಲ ಬಳಿದುಕೊಂಡು ಬಂದರೆ ಅರ್ಧ ಒಣಗಿದ ಹಪ್ಪಳ ಮಾರನೆಯ ದಿನ ಬೂಸಲು. ಸಾಗರದಲ್ಲೇ ಹೀಗಾದರೆ ಹೊಸನಗರದ ಕಡೆಯ ಮಳೆಯನ್ನು ಕೇಳುವುದೇ ಬೇಡ.

ಹೊಸನಗರದಲ್ಲಿರುವ ನನ್ನ ವಾರಗಿತ್ತಿ 2025ರ ಮೇ ತಿಂಗಳಲ್ಲಿ ಇದಕ್ಕೊಂದು ಉಪಾಯ ಹುಡುಕಿದಳು. ಮಗನ ಮೊಬೈಲಿನಲ್ಲಿ ಒಂದು ಅಮೆರಿಕದ ಯಂತ್ರ ನೋಡಿದಳಂತೆ. ಸಣ್ಣ ಬೀರುವಿನ ಹಾಗಿರುತ್ತದೆ, ಒಳಗೆ ಹತ್ತು ಜಾಲರಿ ತಟ್ಟೆ, ಹಿಂದೆ ಒಂದು ಹೀಟರು, ಒಂದು ಫ್ಯಾನು. ಹದವಾದ ಬಿಸಿಗಾಳಿ ಆಡುತ್ತಾ ಇದ್ದರೆ ಹೊರಗೆ ಎಷ್ಟೇ ಮಳೆ ಹೊಯ್ಯಲಿ, ಒಳಗೆ ಹಪ್ಪಳ ಗರಿಗರಿ. ಬೆಲೆ ನಮ್ಮ ಲೆಕ್ಕದಲ್ಲಿ 15,000 ರೂಪಾಯಿ. "ಅಕ್ಕಾ, ಹಪ್ಪಳ ಮಾರಿದ ದುಡ್ಡೇ ಇದೆ, ತರಿಸೇ ಬಿಡ್ತೆ" ಎಂದು ಫೋನಿನಲ್ಲಿ ಹೇಳಿದಳು. "ತರಿಸು ಮಾರಾಯ್ತಿ" ಎಂದೆ ನಾನು. ಆ ತಪ್ಪಿನಲ್ಲಿ ನನ್ನದೂ ಪಾಲು ಇದೆ.

ಆ 15,000 ರೂಪಾಯಿಯ ಯಂತ್ರ ಅವಳ ಅಡಿಗೆಮನೆಯಲ್ಲಿ ಕೆಲಸ ಶುರು ಮಾಡುವ ಹೊತ್ತಿಗೆ 33,000ಕ್ಕೂ ಮೇಲೆ ಹೋಗಿತ್ತು. ಅದು ಹೇಗಾಯಿತು, ಎಲ್ಲಿ ನಿಲ್ಲಿಸಬಹುದಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಈಗ ನಿಮ್ಮ ಮನೆಯಲ್ಲೂ ಮಗನೋ ಮಗಳೋ ಮೊಬೈಲು ಹಿಡಿದು "ಅಮ್ಮಾ, ಇದು ಫಾರಿನ್ನಿನಿಂದ ನೇರ ಬರುತ್ತೆ" ಎನ್ನುತ್ತಿರಬಹುದಲ್ಲ!

ಮೊದಲು ಕೇಳಬೇಕಾದ ಒಂದೇ ಪ್ರಶ್ನೆ

ಪೇಟೆಯ ಅಂಗಡಿಯಲ್ಲಿ ಮಿಕ್ಸಿ ಕೊಂಡರೆ ಅದನ್ನು ತರಿಸಿದವನು ಅಂಗಡಿಯವನು. ಸುಂಕ ಕಟ್ಟಿದ್ದು ಬೇರೆ ಯಾರೋ, ಕೆಟ್ಟರೆ ಕೇಳುವುದು ಅಂಗಡಿಯವನನ್ನು. ಮೊಬೈಲಿನ ಅಂಗಡಿಯಲ್ಲಿ ಮಾತ್ರ ಎರಡು ಬಗೆಯ ಸಾಮಾನು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಒಂದು ಬಗೆಯದನ್ನು ಭಾರತದಲ್ಲಿರುವ ಒಬ್ಬ ಆಮದುದಾರ ಮೊದಲೇ ತರಿಸಿ, ಸುಂಕ ಕಟ್ಟಿ, ಗೋಡೌನಿನಲ್ಲಿ ಇಟ್ಟುಕೊಂಡಿರುತ್ತಾನೆ. ಇನ್ನೊಂದು ಬಗೆಯದು ಇನ್ನೂ ಅಮೆರಿಕದಲ್ಲೋ ಚೀನಾದಲ್ಲೋ ಇರುತ್ತದೆ, ನಾವು ಗುಂಡಿ ಒತ್ತಿದ ಮೇಲೆ ನಮ್ಮ ಹೆಸರಿಗೆ ಹೊರಡುತ್ತದೆ. ಚಿತ್ರ ಒಂದೇ, ಹೆಸರು ಒಂದೇ. ಆದರೆ ಎರಡನೆಯದರಲ್ಲಿ ಕಾನೂನಿನ ಕಣ್ಣಿಗೆ ಆಮದು ಮಾಡಿದವರು ನಾವೇ. ಹೊಸನಗರದ ಗೃಹಿಣಿ ಒಂದೇ ಒತ್ತಿಗೆ ಆಮದುದಾರಳಾಗಿಬಿಟ್ಟಳು, ಅದು ಅವಳಿಗೇ ಗೊತ್ತಿರಲಿಲ್ಲ!

ಆದ್ದರಿಂದ ಬೆಲೆ ನೋಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ಈ ಸಾಮಾನನ್ನು ದೇಶದೊಳಗೆ ತರುವವರು ಯಾರು, ಅವರೋ ನಾನೋ? ಸುಂಕ, ವಾರಂಟಿ, ವಾಪಸಾತಿ ಮೂರೂ ಈ ಒಂದು ಉತ್ತರದ ಹಿಂದೆಯೇ ಹೋಗುತ್ತವೆ.

ಉತ್ತರ ಪುಟದಲ್ಲೇ ಇರುತ್ತದೆ, ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ. "Sold by" ಎಂದಿರುವ ಕಡೆ ಮಾರುವವನ ಹೆಸರು ಒತ್ತಿದರೆ ಅವನ ವಿಳಾಸ ತೆರೆಯುತ್ತದೆ. ಅದು ಭಾರತದ್ದೋ ಹೊರದೇಶದ್ದೋ ನೋಡಿ. "Ships from" ಎಂಬಲ್ಲಿ ಸಾಮಾನು ಎಲ್ಲಿಂದ ಹೊರಡುತ್ತದೆ ನೋಡಿ. ಸಾಮಾನಿನ ವಿವರದಲ್ಲಿ "Importer" ಎಂಬ ಸಾಲು ಹುಡುಕಿ. ಭಾರತದಲ್ಲಿ ಮಾರುವ ಆಮದು ಸಾಮಾನಿನ ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಎಂ.ಆರ್.ಪಿ., ದೂರು ಹೇಳಲು ಫೋನ್ ನಂಬರು ಇರಲೇಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮ ಹೇಳುತ್ತದೆ. ಆಮದುದಾರನ ಹೆಸರನ್ನು ಆನ್‌ಲೈನಿನಲ್ಲಿ ಮಾರುವವರು ಪುಟದಲ್ಲೂ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮವೂ ಇದೆ. ಆ ಸಾಲೇ ಇಲ್ಲ, ಮಾರುವವನ ವಿಳಾಸ ಹೊರದೇಶದ್ದು, ಬರಲು ಮೂರು ವಾರ ಹಿಡಿಯುತ್ತದೆ ಎಂದಿದ್ದರೆ ಆಮದುದಾರರು ನೀವೇ ಎಂದು ತಿಳಿಯಿರಿ.

ಸುಂಕ: ಹಪ್ಪಳದ ಮೇಲೆ ಹಪ್ಪಳ

ವಾರಗಿತ್ತಿ ಆರ್ಡರ್ ಮಾಡಿ ಹನ್ನೆರಡು ದಿನಕ್ಕೆ ಕೊರಿಯರಿನವರಿಂದ ಒಂದು ಸಂದೇಶ ಬಂತು. ಆಧಾರ್ ಪ್ರತಿ ಕಳಿಸಿ, ಸುಂಕ ಕಟ್ಟಿ ಎಂದು. ಅವಳು ಕಕ್ಕಾಬಿಕ್ಕಿ. "ದುಡ್ಡೆಲ್ಲ ಕೊಟ್ಟಾಗಿದೆಯಲ್ಲ ಅಕ್ಕಾ, ಇನ್ನೆಂಥ ದುಡ್ಡು?"

ಪುಟದಲ್ಲಿ ಕಂಡ ಬೆಲೆ ಸಾಮಾನಿನದು ಮಾತ್ರ. ಅಲ್ಲಿಂದ ಇಲ್ಲಿಯ ತನಕ ಸಾಗಣೆಗೆ, ವಿಮೆಯೂ ಸೇರಿ, ಇನ್ನೂ 5,000 ರೂಪಾಯಿ ಅವಳು ಆರ್ಡರ್ ಮಾಡುವಾಗಲೇ ಕೊಟ್ಟಿದ್ದಳು. ಕಸ್ಟಮ್ಸಿನವರು ಸುಂಕ ಹಾಕುವುದು ಬರೀ 15,000ದ ಮೇಲಲ್ಲ, ಸಾಗಣೆ ವಿಮೆ ಸೇರಿದ 20,000ದ ಮೇಲೆ. ಹೆಚ್ಚಿನವರು ಎಡವುವ ಮೊದಲ ಕಲ್ಲು ಇದು. ಯಂತ್ರ ಭಾರವಾದಷ್ಟೂ ಸಾಗಣೆ ಹೆಚ್ಚು, ಸಾಗಣೆ ಹೆಚ್ಚಾದಷ್ಟೂ ಸುಂಕ ಹೆಚ್ಚು.

ಇನ್ನು ಸುಂಕವೂ ಒಂದಲ್ಲ, ಒಂದರ ಮೇಲೊಂದು ಪೇರಿಸಿದ ಮೂರು. ಅವಳ ಬಿಲ್ಲನ್ನೇ ಮುಂದಿಟ್ಟುಕೊಂಡು ಲೆಕ್ಕ ಹೇಳುತ್ತೇನೆ, ಒಂದು ಪೆನ್ನು ಹಿಡಿದು ಜೊತೆಗೆ ಮಾಡಿ. ಮೊದಲನೆಯದು ಮೂಲ ಕಸ್ಟಮ್ಸ್ ಸುಂಕ. ಅವಳಿಗೆ ಅದು ನೂರಕ್ಕೆ 20, ಅಂದರೆ 20,000ಕ್ಕೆ 4,000. ಎರಡನೆಯದು ಸಮಾಜ ಕಲ್ಯಾಣ ಸರ್ಚಾರ್ಜು. ಅದು ನೂರಕ್ಕೆ 10, ಆದರೆ ಸಾಮಾನಿನ ಮೇಲಲ್ಲ, ಆ ಸುಂಕದ ಮೇಲೆ. ಆದ್ದರಿಂದ 4,000ಕ್ಕೆ 400. ಇಲ್ಲಿಗೆ ಒಟ್ಟು 24,400 ಆಯಿತು. ಮೂರನೆಯದು ಐ.ಜಿ.ಎಸ್.ಟಿ., ಅವಳಿಗೆ ನೂರಕ್ಕೆ 18. ಅದು ಹಾಕುವುದು ಈ ಒಟ್ಟು 24,400ರ ಮೇಲೆ. ಅಂದರೆ ಸುಂಕದ ಮೇಲೂ ತೆರಿಗೆ. ಅದು 4,392 ರೂಪಾಯಿ. ಮೂರೂ ಕೂಡಿಸಿ 8,792.

ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಪರವಾಗಿ ಕಸ್ಟಮ್ಸಿನಲ್ಲಿ ಕಾಗದಪತ್ರ ಮಾಡಿ ಸುಂಕ ಕಟ್ಟಿದ್ದಕ್ಕೆ ಕೊರಿಯರಿನವರ ಶುಲ್ಕ 700, ಅದಕ್ಕೆ ಜಿ.ಎಸ್.ಟಿ. 126. ಬಾಗಿಲಿಗೆ ಬಂದ ಹುಡುಗನಿಗೆ ಎಣಿಸಿ ಕೊಟ್ಟದ್ದು 9,618 ರೂಪಾಯಿ. 15,000ದ ಯಂತ್ರ 29,618 ಆಯಿತು.

ದರಗಳು ಯಂತ್ರದ ಜಾತಿಗೆ ತಕ್ಕಂತೆ ಬೇರೆ ಬೇರೆ, ಬಜೆಟ್ಟು ಬಂದಾಗ ಬದಲಾಗುವುದೂ ಉಂಟು. ಆದ್ದರಿಂದ ಅವಳ ಬಿಲ್ಲಿನ 20, 18 ಎಂಬ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ, ಲೆಕ್ಕದ ಕ್ರಮವನ್ನು ಮಾತ್ರ ನೆನಪಿಡಿ: ಬೆಲೆಗೆ ಸಾಗಣೆ ಕೂಡಿಸು, ಅದರ ಮೇಲೆ ಸುಂಕ, ಸುಂಕದ ಮೇಲೆ ಸರ್ಚಾರ್ಜು, ಎಲ್ಲದರ ಮೇಲೆ ತೆರಿಗೆ. ಆ ಹೊತ್ತಿನ ದರ ಬೇಕಾದರೆ ಕಸ್ಟಮ್ಸಿನವರದೇ ತಾಣ icegate.gov.in ನಲ್ಲಿ ಸುಂಕದ ಲೆಕ್ಕ ತೋರಿಸುವ ಪುಟ ಇದೆ, ಮಕ್ಕಳ ಕೈಯಲ್ಲಿ ತೆಗೆಸಿ ನೋಡಿ.

ಕೆಲವು ತಾಣಗಳು ಆರ್ಡರ್ ಮಾಡುವಾಗಲೇ "Import Fees Deposit" ಎಂದು ಅಂದಾಜು ಸುಂಕವನ್ನೂ ಸೇರಿಸಿ ತೆಗೆದುಕೊಳ್ಳುತ್ತವೆ. ಅದು ನೋಡಲು ಜಾಸ್ತಿ ಎನಿಸಿದರೂ ಒಳ್ಳೆಯದು, ಬಾಗಿಲಿಗೆ ಬಂದಾಗ ಎದೆ ಧಸಕ್ಕೆನ್ನುವುದಿಲ್ಲ. ಹಣ ಕೊಡುವ ಕೊನೆಯ ಪುಟದಲ್ಲಿ ಸುಂಕದ ಸುದ್ದಿಯೇ ಇಲ್ಲ ಎಂದರೆ ಸುಂಕ ಇಲ್ಲ ಎಂದು ಅರ್ಥವಲ್ಲ, ಆಮೇಲೆ ಬರುತ್ತದೆ ಎಂದು ಅರ್ಥ.

"ಅಮೆರಿಕದಲ್ಲಿರುವ ಭಾವನ ಮಗನ ಕೈಯಲ್ಲಿ ಉಡುಗೊರೆ ಅಂತ ಬರೆಸಿ ಕಳಿಸಿಕೊಂಡರೆ?" ಎಂದು ನಮ್ಮ ಬೀದಿಯ ಒಬ್ಬ ಜಾಣೆ ಕೇಳಿದಳು. ಆ ಬಾಗಿಲು ಮುಚ್ಚಿದೆ. 2019ರ ಡಿಸೆಂಬರಿನಲ್ಲಿ ವಿದೇಶಿ ವ್ಯಾಪಾರದ ಮಹಾನಿರ್ದೇಶನಾಲಯದವರು ಅಂಚೆ, ಕೊರಿಯರ್ ಮೂಲಕ ಉಡುಗೊರೆಯೆಂದು ಸುಂಕವಿಲ್ಲದೆ ಸಾಮಾನು ತರಿಸುವುದನ್ನು ನಿಲ್ಲಿಸಿದರು. ರಾಖಿಗೂ ಪ್ರಾಣ ಉಳಿಸುವ ಔಷಧಿಗೂ ಮಾತ್ರ ವಿನಾಯಿತಿ ಉಳಿಸಿದರು. ಪೂರ್ತಿ ಸುಂಕ ಕಟ್ಟಿ ಉಡುಗೊರೆ ತರಿಸಬಹುದು, ಅಷ್ಟೆ. ಕೆಲವು ಹೊರದೇಶದ ಮಾರಾಟಗಾರರು ತಾವಾಗಿಯೇ "ಬೆಲೆ ಕಡಿಮೆ ಬರೆದು ಕಳಿಸುತ್ತೇವೆ" ಎಂದು ಆಸೆ ತೋರಿಸುತ್ತಾರೆ. ಒಪ್ಪಬೇಡಿ. ಸುಳ್ಳು ಬರೆದವರು ಅವರಾದರೂ ಕಸ್ಟಮ್ಸಿನವರು ಹಿಡಿದರೆ ಕೇಳುವುದು ಆಮದುದಾರರನ್ನು, ಅಂದರೆ ನಿಮ್ಮನ್ನು.

ಇನ್ನೊಂದು ಎಚ್ಚರಿಕೆ. ಪಾರ್ಸೆಲ್ಲಿಗೆ ಕಾಯುತ್ತಾ ಕೂತಿರುವವರನ್ನು ಮೋಸ ಮಾಡುವುದು ಸುಲಭ. "ಕಸ್ಟಮ್ಸ್ ಅಧಿಕಾರಿ ಮಾತಾಡ್ತಿದ್ದೇನೆ, ನಿಮ್ಮ ಪಾರ್ಸೆಲ್ ತಡೆದಿದೆ, ಈ ನಂಬರಿಗೆ ದುಡ್ಡು ಹಾಕಿ" ಎಂದು ಫೋನು ಬಂದರೆ ಇಟ್ಟುಬಿಡಿ. ಕಸ್ಟಮ್ಸಿನವರು ಯಾರ ಸ್ವಂತ ಖಾತೆಗೂ ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಅವರು ಕಳಿಸುವ ಕಾಗದದ ಮೇಲೆ ಡಿ.ಐ.ಎನ್. ಎಂಬ ಸಂಖ್ಯೆ ಇರುತ್ತದೆ, ಅದು ನಿಜವೋ ಸುಳ್ಳೋ ಎಂದು ಅವರ ತಾಣದಲ್ಲೇ ನೋಡಬಹುದು. ವಾರಗಿತ್ತಿ ಸಂದೇಶದಲ್ಲಿದ್ದ ನಂಬರಿಗೆ ಫೋನು ಮಾಡಲಿಲ್ಲ. ಆರ್ಡರ್ ಮಾಡಿದಾಗ ಬಂದಿದ್ದ ಪಾರ್ಸೆಲ್ ಸಂಖ್ಯೆಯನ್ನು ಕೊರಿಯರಿನವರ ಸ್ವಂತ ತಾಣದಲ್ಲಿ ಹಾಕಿ ನೋಡಿ, ಅಲ್ಲೂ ಅದೇ ಮೊತ್ತ ಕಂಡ ಮೇಲೆಯೇ ಆಧಾರ್ ಕಳಿಸಿದಳು. ಅಷ್ಟು ಜಾಣತನ ಅವಳಿಗಿತ್ತು. ಮೋಸ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಪೆಟ್ಟಿಗೆ ಬಿಚ್ಚಿದ ಮೇಲೆ

ಯಂತ್ರ ಚೆಂದವಾಗಿಯೇ ಇತ್ತು. ಪುಣ್ಯಕ್ಕೆ ಅವಳ ಮಗ ಪ್ಲಗ್ಗು ಹಾಕುವ ಮುಂಚೆ ಬೆನ್ನಿನ ಮೇಲಿದ್ದ ಸಣ್ಣ ಫಲಕ ಓದಿದ. "120V 60Hz 600W" ಎಂದಿತ್ತು. ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟು, 50 ಹರ್ಟ್ಸು. ಪ್ಲಗ್ಗಿನ ಕಡ್ಡಿ ಚಪ್ಪಟೆಯಾಗಿದ್ದರೆ ಹತ್ತಿಪ್ಪತ್ತು ರೂಪಾಯಿಯ ಅಡಾಪ್ಟರ್ ಸಿಕ್ಕಿಸಿ ಚುಚ್ಚುವವರು ನಮ್ಮಲ್ಲಿ ಎಷ್ಟಿಲ್ಲ! ಅಡಾಪ್ಟರು ಕಡ್ಡಿಯ ಆಕಾರ ಬದಲಿಸುತ್ತದೆ, ವೋಲ್ಟು ಬದಲಿಸುವುದಿಲ್ಲ. ಹೀಟರಿಗೆ ಹೆಚ್ಚುಕಡಿಮೆ ಎರಡು ಪಟ್ಟು ವೋಲ್ಟು ಕೊಟ್ಟರೆ ಅದು ಎಳೆಯುವ ವಿದ್ಯುತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. 600 ವ್ಯಾಟಿನ ಹೀಟರು 2,200 ವ್ಯಾಟು ಎಳೆದರೆ ಒಂದೆರಡು ನಿಮಿಷದಲ್ಲಿ ಹೊಗೆ.

ಮೊಬೈಲ್ ಚಾರ್ಜರು, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ ಸಾಮಾನ್ಯವಾಗಿ "100-240V" ಎಂದಿರುತ್ತದೆ. ಹಾಗಿದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ. ಹೀಟರು, ಮೋಟರು ಇರುವ ಅಡಿಗೆಮನೆಯ ಯಂತ್ರಗಳಲ್ಲಿ ಆ ಸೌಕರ್ಯ ಅಪರೂಪ. ಅದಕ್ಕೇ ಕೊಳ್ಳುವ ಮುಂಚೆಯೇ ಚಿತ್ರಗಳನ್ನು ಒಂದೊಂದಾಗಿ ಸರಿಸಿ ಆ ಫಲಕದ ಚಿತ್ರ ಹುಡುಕಿ. ಇಲ್ಲದಿದ್ದರೆ "ಫಲಕದ ಫೋಟೋ ಕಳಿಸಿ" ಎಂದು ಮಾರುವವನಿಗೇ ಬರೆಯಿರಿ.

ವಾಪಸು: ಕಾಗದದಲ್ಲಿ ಸುಲಭ

"ಹಾಗಾದರೆ ವಾಪಸು ಕಳಿಸು" ಎಂದೆ. ಪುಟದಲ್ಲಿ 30 ದಿನದೊಳಗೆ ವಾಪಸು ಎಂದೇ ಇತ್ತು. ಮಾರಿದವನು ಇಲ್ಲ ಎನ್ನಲಿಲ್ಲ. ಮರ್ಯಾದೆಯಾಗಿಯೇ ಉತ್ತರ ಬರೆದ: ಯಂತ್ರದಲ್ಲಿ ದೋಷವಿಲ್ಲ, 120 ವೋಲ್ಟು ಎಂದು ಪುಟದಲ್ಲೇ ಹೇಳಿದ್ದೇವೆ, ಆದರೂ ಕಳಿಸಿ, ಬಂದ ಮೇಲೆ ಯಂತ್ರದ ಬೆಲೆ ಕೊಡುತ್ತೇವೆ. ಕಳಿಸುವ ಖರ್ಚು ನಿಮ್ಮದು, ಬಂದಾಗಿನ ಸಾಗಣೆ, ಸುಂಕ ನಾವು ಕೊಡುವುದಿಲ್ಲ.

ಶಿವಮೊಗ್ಗದ ಕೊರಿಯರಿನಲ್ಲಿ ವಿಚಾರಿಸಿದರೆ ಅಷ್ಟು ಭಾರಕ್ಕೆ ಅಮೆರಿಕಕ್ಕೆ 11,000 ಹೇಳಿದರು. ಲೆಕ್ಕ ಮಾಡಿ ನೋಡಿ: 11,000 ಖರ್ಚು ಮಾಡಿ ಕಳಿಸಿದರೆ 15,000 ಬರುತ್ತದೆ. ಕೈಗೆ ಉಳಿಯುವುದು 4,000. ಮೊದಲೇ ಕೊಟ್ಟಿದ್ದ 29,618ರಲ್ಲಿ ಬಾಕಿಯೆಲ್ಲ ಹೋದ ಹಾಗೆಯೇ.

ಕಟ್ಟಿದ ಸುಂಕ ಸರಕಾರದಿಂದ ವಾಪಸು ಬರುವುದಿಲ್ಲವೇ? ಕಾನೂನಿನಲ್ಲಿ ದಾರಿ ಇದೆ. 1962ರ ಕಸ್ಟಮ್ಸ್ ಕಾಯ್ದೆಯ 74ನೆಯ ಕಲಮಿನ ಪ್ರಕಾರ ತರಿಸಿದ ಸಾಮಾನನ್ನು ಬಳಸದೆ ಎರಡು ವರ್ಷದೊಳಗೆ ಹೊರದೇಶಕ್ಕೆ ತಿರುಗಿ ಕಳಿಸಿದರೆ ಕಟ್ಟಿದ ಆಮದು ಸುಂಕದಲ್ಲಿ ನೂರಕ್ಕೆ 98ರ ತನಕ ಹಿಂದೆ ಪಡೆಯಬಹುದು. ಆದರೆ ಬಂದದ್ದೂ ಹೋಗುತ್ತಿರುವುದೂ ಅದೇ ಸಾಮಾನು ಎಂದು ಕಸ್ಟಮ್ಸಿನವರ ಮುಂದೆ ತೋರಿಸಬೇಕು, ಬಂದಾಗಿನ ಸುಂಕದ ಕಾಗದ ಬೇಕು, ಕಳಿಸುವಾಗಲೇ ಈ ಹಕ್ಕು ಕೇಳುತ್ತಿದ್ದೇವೆಂದು ಕಾಗದ ಮಾಡಿಸಬೇಕು. ಅದಕ್ಕೊಬ್ಬ ಕಸ್ಟಮ್ಸ್ ಏಜೆಂಟು ಬೇಕು, ಅವನಿಗೆ ಫೀಸು ಬೇಕು. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಅದು ಸರಿ. ಎಂಟೊಂಬತ್ತು ಸಾವಿರದ ಸುಂಕಕ್ಕೆ ಹೊಸನಗರದಿಂದ ಬೆಂಗಳೂರಿಗೆ ಓಡಾಡಿದರೆ ಬಸ್ ಚಾರ್ಜಿಗೂ ಫೀಸಿಗೂ ಅರ್ಧ ಹೋಗುತ್ತದೆ.

ಸುಂಕ ಕೇಳಿದಾಗಲೇ "ಬೇಡ" ಎಂದು ಪಾರ್ಸೆಲ್ ಬಿಟ್ಟುಬಿಟ್ಟರೆ? ಅದೂ ನಷ್ಟದ ದಾರಿಯೇ. ಪಾರ್ಸೆಲ್ ಅಲ್ಲೇ ಬಿದ್ದಷ್ಟು ದಿನ ಇಟ್ಟುಕೊಂಡದ್ದಕ್ಕೆ ಬಾಡಿಗೆ ಏರುತ್ತದೆ. ತೆಗೆದುಕೊಳ್ಳದ ಪಾರ್ಸೆಲ್ಲಿಗೆ ದುಡ್ಡು ವಾಪಸಿಲ್ಲ ಎಂದು ಬಹಳ ಮಾರಾಟಗಾರರು ತಮ್ಮ ಷರತ್ತಿನಲ್ಲೇ ಬರೆದಿಟ್ಟಿರುತ್ತಾರೆ.

ಹಾಗಾಗಿ ವಾಪಸಾತಿಯ ಸಾಲು ಓದುವಾಗ ಎಷ್ಟು ದಿನ ಎಂಬುದನ್ನು ಮಾತ್ರ ನೋಡಬೇಡಿ. ಯಾವ ವಿಳಾಸಕ್ಕೆ ಕಳಿಸಬೇಕು, ಖರ್ಚು ಯಾರದು, ಸುಂಕ ಕೊಡುತ್ತಾರೋ ಎಂಬ ಮೂರನ್ನೂ ನೋಡಿ. ಭಾರತದೊಳಗಿನ ವಿಳಾಸವಾಗಿದ್ದರೆ ವಾಪಸಾತಿಗೆ ಅರ್ಥ ಇದೆ. ಹೊರದೇಶದ ವಿಳಾಸವಾಗಿದ್ದರೆ ಭಾರದ ಸಾಮಾನಿಗೆ ವಾಪಸಾತಿ ಇಲ್ಲ ಎಂದೇ ತಿಳಿದು ಕೊಳ್ಳುವುದೋ ಬಿಡುವುದೋ ತೀರ್ಮಾನಿಸಿ.

ಕೊನೆಗೆ ವಾರಗಿತ್ತಿ ಶಿವಮೊಗ್ಗದಿಂದ 230 ವೋಲ್ಟನ್ನು 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದಳು. 600 ವ್ಯಾಟಿನ ಯಂತ್ರಕ್ಕೆ ಸರಿಯಾಗಿ 600ರದ್ದು ತಂದರೆ ಗಂಟೆಗಟ್ಟಲೆ ಓಡುವಾಗ ಬಿಸಿಯೇರುತ್ತದೆ, ಅದಕ್ಕೇ 1,000 ವಿ.ಎ.ಯದ್ದು ತಂದದ್ದು. ಬೆಲೆ 3,500. ಎಲ್ಲ ಸೇರಿ 33,118 ರೂಪಾಯಿ. ಹರ್ಟ್ಸು ಮಾತ್ರ ಟ್ರಾನ್ಸ್‌ಫಾರ್ಮರಿನಿಂದ ಬದಲಾಗುವುದಿಲ್ಲ, ಹಾಗಾಗಿ ಫ್ಯಾನು ಸ್ವಲ್ಪ ನಿಧಾನ ತಿರುಗುತ್ತದೆ. ಆ ಮಳೆಗಾಲದಲ್ಲಿ ಹಪ್ಪಳವೇನೋ ಒಣಗಿತು.

ವಾರಂಟಿ: ನನ್ನ ಸ್ವಂತ ಕಥೆ

ವಾರಗಿತ್ತಿಯನ್ನು ನೋಡಿ ನಗುವ ಹಾಗಿಲ್ಲ, ಅದಕ್ಕೂ ಮುಂಚೆ ನಾನೇ ಸಾಗರದಲ್ಲಿ ಕೂತು ಏಮಾರಿದ್ದೆ. ನನ್ನದು ಕೈಯಲ್ಲಿ ಹಿಡಿದು ರುಬ್ಬುವ ಒಂದು ಬ್ಲೆಂಡರು. ಹೆಸರಾಂತ ಹೊರದೇಶದ ಕಂಪನಿಯದು, ಮಾರಿದವನು ಭಾರತದವನೇ. ಹೊರಗಿನಿಂದ ಬರುವುದಲ್ಲ, ಸುಂಕ ಇಲ್ಲ, "1 Year Warranty" ಎಂದು ಪುಟದಲ್ಲಿ ದಪ್ಪಕ್ಷರ. ಇನ್ನೇನು ಬೇಕು?

ನಾಲ್ಕು ತಿಂಗಳಿಗೆ ಮೋಟರು ನಿಂತಿತು. ಕಂಪನಿಯ ಸರ್ವೀಸಿನವರಿಗೆ ಫೋನು ಮಾಡಿದರೆ ಯಂತ್ರದ ಸೀರಿಯಲ್ ನಂಬರು ಕೇಳಿದರು. ಹೇಳಿದೆ. "ಅಮ್ಮಾ, ಈ ನಂಬರು ಭಾರತಕ್ಕೆ ಬಂದದ್ದಲ್ಲ, ಬೇರೆ ದೇಶದ ಮಾರುಕಟ್ಟೆಯದು. ಇದಕ್ಕೆ ಇಲ್ಲಿ ವಾರಂಟಿ ಇಲ್ಲ" ಎಂದರು. ಆಗ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ನೋಡಿದೆ. ಆಮದುದಾರನ ಹೆಸರಿನ ಚೀಟಿಯೇ ಇಲ್ಲ, ಎಂ.ಆರ್.ಪಿ. ಇಲ್ಲ, ಒಳಗಿನ ಕೈಪಿಡಿ ನನಗೆ ಗುರುತೇ ಸಿಗದ ಭಾಷೆಯಲ್ಲಿ. ಕಂಪನಿಯ ಅಧಿಕೃತ ದಾರಿಯಲ್ಲದೆ ಬೇರೆ ದೇಶದಿಂದ ಅಗ್ಗಕ್ಕೆ ತಂದು ಮಾರುವ ಸಾಮಾನು ಅದು. ನಕಲಿಯಲ್ಲ, ಅಸಲಿಯೇ. ಆದರೆ ವಾರಂಟಿಯ ಲೆಕ್ಕದಲ್ಲಿ ಅನಾಥ.

ಅವತ್ತು ಕಲಿತದ್ದು ಇಷ್ಟು. ಕಂಪನಿಯ ವಾರಂಟಿ ಸಾಮಾನ್ಯವಾಗಿ ಸಾಮಾನು ಯಾವ ದೇಶದಲ್ಲಿ ಮಾರಲು ತಯಾರಾಯಿತೋ ಆ ದೇಶಕ್ಕೆ ಮಾತ್ರ. ಎಲ್ಲ ದೇಶದಲ್ಲೂ ನಡೆಯುವ ವಾರಂಟಿ ಕೆಲವು ಲ್ಯಾಪ್‌ಟಾಪ್, ಕ್ಯಾಮರಾದಂಥವಕ್ಕೆ ಇರುತ್ತದೆ, ಅಡಿಗೆಮನೆಯ ಯಂತ್ರಕ್ಕೆ ಸಿಗುವುದು ಕಷ್ಟ. ಪುಟದಲ್ಲಿ "Seller Warranty" ಎಂದಿದ್ದರೆ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ, ಆ ಮಾರಾಟಗಾರ ಅಂಗಡಿ ಮುಚ್ಚಿದರೆ ವಾರಂಟಿಯೂ ಮುಚ್ಚಿತು. ಆದ್ದರಿಂದ ಕೊಳ್ಳುವ ಮುಂಚೆ ಕಂಪನಿಯ ಭಾರತದ ಗ್ರಾಹಕ ಸೇವೆಗೆ ಮಾಡೆಲ್ ನಂಬರು ಬರೆದು ಎರಡು ಪ್ರಶ್ನೆ ಕೇಳಿ: ಈ ಮಾಡೆಲಿಗೆ ಭಾರತದಲ್ಲಿ ವಾರಂಟಿ ಇದೆಯೇ? ಈ ಮಾರಾಟಗಾರನಿಂದ ಕೊಂಡರೆ ನಡೆಯುತ್ತದೆಯೇ? ಫೋನಿಗಿಂತ ಇ-ಮೇಲ್ ಒಳ್ಳೆಯದು, ಉತ್ತರ ಕೈಯಲ್ಲಿ ಉಳಿಯುತ್ತದೆ.

ನನ್ನ ಬ್ಲೆಂಡರಿನ ದುಡ್ಡು ಕೊನೆಗೆ ವಾಪಸು ಬಂತು. ಅದಕ್ಕೆ ಕಾರಣ ನನ್ನ ಮಗಳು ಕೊಂಡ ದಿನವೇ ತೆಗೆದಿಟ್ಟಿದ್ದ ಪುಟದ ಚಿತ್ರ. ಅಷ್ಟರಲ್ಲಿ ಮಾರಾಟಗಾರ ಪುಟದಿಂದ ವಾರಂಟಿಯ ಸಾಲನ್ನು ತೆಗೆದುಹಾಕಿದ್ದ. ಮೊದಲು ತಾಣದ ದೂರು ಅಧಿಕಾರಿಗೆ ಬರೆದೆವು. 2020ರ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸಿಕ್ಕಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ್ದಕ್ಕೆ ಹೊಂದದ ಸಾಮಾನನ್ನು ಮಾರಾಟಗಾರ ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗೂ ಇಲ್ಲ. ಅಲ್ಲಿ ಎಳೆದಾಡಿದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರು ಕೊಟ್ಟರು. ಬಿಲ್ಲು, ಪುಟದ ಚಿತ್ರ, ಸರ್ವೀಸಿನವರ ಉತ್ತರ ಮೂರನ್ನೂ ಕಳಿಸಿದೆ. ಐದು ವಾರಕ್ಕೆ ಹಣ ಬಂತು.

ಸಹಾಯವಾಣಿಯವರು ಮಾಡುವುದು ರಾಜಿ, ತೀರ್ಪಲ್ಲ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯಲ್ಲೇ, ಅಂದರೆ ನಮಗೆ ಶಿವಮೊಗ್ಗದಲ್ಲೇ, ದೂರು ಕೊಡಬಹುದು. ಐದು ಲಕ್ಷದೊಳಗಿನ ಸಾಮಾನಿಗೆ ಶುಲ್ಕವಿಲ್ಲ. ಆದರೆ ನೋಡಿ, ನನಗೆ ಹಿಡಿಯಲು ಭಾರತದಲ್ಲೊಬ್ಬ ಮಾರಾಟಗಾರ ಇದ್ದ. ವಾರಗಿತ್ತಿಗೆ ಸಮುದ್ರದಾಚೆಯವನು.

ತೀರ್ಥಹಳ್ಳಿಯ ಲೆಕ್ಕ

ತೀರ್ಥಹಳ್ಳಿಯಲ್ಲಿರುವ ನನ್ನ ಗೆಳತಿ ಅದೇ ವರ್ಷ ಅಂಥದೇ ಒಣಗಿಸುವ ಯಂತ್ರ ಕೊಂಡಳು. ಅವಳು ಮೊದಲು ಮಾಡಿದ್ದು "Importer" ಎಂಬ ಸಾಲು ಹುಡುಕಿದ್ದು. ಬೆಂಗಳೂರಿನ ಒಂದು ವಿಳಾಸ ಸಿಕ್ಕಿತು. ಅಲ್ಲಿಗೆ ಫೋನು ಮಾಡಿ ಮೂರು ಕೇಳಿದಳು: 230 ವೋಲ್ಟಿನದ್ದೇ? ಕೆಟ್ಟರೆ ರಿಪೇರಿ ಎಲ್ಲಿ? ತಟ್ಟೆ, ಫ್ಯಾನು ಬಿಡಿಯಾಗಿ ಸಿಗುತ್ತದೆಯೇ? ಉತ್ತರಗಳನ್ನು ಇ-ಮೇಲಿನಲ್ಲಿ ತರಿಸಿಕೊಂಡಳು. ಬೆಲೆ 24,500, ಎಲ್ಲ ಸೇರಿ.

15,000ದ ಪುಟದ ಪಕ್ಕ ಇಟ್ಟರೆ ಅದು ದುಬಾರಿ. "ಅಷ್ಟೊಂದು ಯಾಕೆ ಕೊಟ್ಟೆ?" ಎಂದು ನಾನೂ ಕೇಳಿದ್ದೆ. ಆದರೆ 33,118ರ ಪಕ್ಕ ಇಟ್ಟು ನೋಡಿ, 8,618 ರೂಪಾಯಿ ಉಳಿತಾಯ. ಪೆಟ್ಟಿಗೆ ಬಿಚ್ಚುವುದನ್ನು ಅವಳು ಮೊದಲಿನಿಂದ ಕೊನೆತನಕ ಮೊಬೈಲಿನಲ್ಲಿ ವಿಡಿಯೋ ಮಾಡಿಸಿದ್ದಳು. ಬಾಗಿಲಿನ ಹಿಡಿ ಬಿರುಕು ಬಿಟ್ಟಿತ್ತು. ವಿಡಿಯೋ ಕಳಿಸಿದಳು, ಒಂಬತ್ತು ದಿನಕ್ಕೆ ಹೊಸ ಬಾಗಿಲು ಬಂತು. ಒಂದು ಪೈಸೆ ಖರ್ಚಿಲ್ಲ.

ಹಾಗಂತ ಹೊರಗಿನಿಂದ ನೇರವಾಗಿ ಏನನ್ನೂ ತರಿಸಬಾರದು ಎಂದು ನಾನು ಹೇಳುವುದಿಲ್ಲ. ಭಾರತದಲ್ಲಿ ಸಿಗದ ಹೊಲಿಗೆಯ ಪಾದವೋ, ಹಳೆಯ ಯಂತ್ರದ ಬಿಡಿಭಾಗವೋ ಇದ್ದರೆ ತರಿಸಲೇಬೇಕಾಗುತ್ತದೆ. ಅಂಥವು ಹಗುರ, ಕರೆಂಟಿನ ತಂಟೆಯಿಲ್ಲ, ವಾರಂಟಿ ಬೇಡ, ಸುಂಕ ಕಟ್ಟಿದರೂ ಹೊರೆಯಲ್ಲ. ಭಾರದ್ದು, ಕರೆಂಟಿನದ್ದು, ಕೆಟ್ಟರೆ ರಿಪೇರಿ ಬೇಕಾದದ್ದು ಆದರೆ ಆಮದುದಾರನ ಹೆಸರು ಇರುವಲ್ಲೇ ಕೊಳ್ಳಿ. ಇಬ್ಬರ ಬೆಲೆಯನ್ನೂ ಹೋಲಿಸುವಾಗ ಹೊರಗಿನದಕ್ಕೆ ಸಾಗಣೆ, ಮೂರು ಸುಂಕ, ಕೊರಿಯರ್ ಶುಲ್ಕ ಕೂಡಿಸಿದ ಮೇಲೆಯೇ ಹೋಲಿಸಿ. ಆ ಲೆಕ್ಕ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಐದು ನಿಮಿಷದ ಕೆಲಸ.

ವಾರಗಿತ್ತಿ ಕಳೆದ ಸಲ ಬಂದಾಗ ಒಂದು ಕಟ್ಟು ಹಪ್ಪಳ ತಂದಿದ್ದಳು. ಕರಿದು ತಿಂದೆವು, ಗರಿಗರಿಯಾಗಿತ್ತು. "ಹ್ಯಾಂಗಿದ್ದು?" ಎಂದು ಕೇಳಿದಳು. "ಚೊಲೋ ಇದ್ದು" ಎಂದೆ. "ಚೊಲೋ ಇರದೆ ಎಂತ ಮಾಡ್ತು ಅಕ್ಕಾ, ಸುಂಕ ಕಟ್ಟಿದ ಹಪ್ಪಳ ಅಲ್ದಾ!" ಎಂದು ನಕ್ಕಳು. ಮಾರನೆಯ ದಿನ ಮಿಕ್ಸಿ ಕೊಳ್ಳಲೆಂದು ಮಗನ ಮೊಬೈಲು ತೆಗೆದವಳು ಚಿತ್ರ ನೋಡಲಿಲ್ಲ, ಬೆಲೆಯನ್ನೂ ನೋಡಲಿಲ್ಲ. ಬೆರಳಿನಿಂದ ಪುಟವನ್ನು ಕೆಳಗೆ ಕೆಳಗೆ ಎಳೆದು, ಕನ್ನಡಕ ಸರಿಮಾಡಿಕೊಂಡು, ಆಮದುದಾರನ ಹೆಸರು ಹುಡುಕುತ್ತಿದ್ದಳು.